ತಲೆನೋವಿನ ಡೈರಿ: ಹೊಸ ಚಾಟ್‌ಗೆ ಏನು ಒಯ್ಯಬೇಕು, ಏನು ಬಿಡಬೇಕು

ಪ್ರಶ್ನೆ: "ನನಗೆ 38 ವರ್ಷ, ಹೈಸ್ಕೂಲ್ ಟೀಚರ್. ಆರು ವರ್ಷದಿಂದ ತಲೆನೋವು. ತಿಂಗಳಿಗೆ ನಾಲ್ಕೈದು ಸಲ ಜೋರಾಗಿ ಬರುತ್ತದೆ. ಮೆಡಿಕಲ್ ಶಾಪ್‌ನ ಮಾತ್ರೆ ನುಂಗಿ ಪಾಠ ಮುಗಿಸುತ್ತೇನೆ. ಒಂದು ವರ್ಷದಿಂದ ಫೋನಿನ ಎಐ ಚಾಟ್‌ನಲ್ಲಿ ಎಲ್ಲ ಹೇಳಿಕೊಂಡು ಸಲಹೆ ಕೇಳುತ್ತಿದ್ದೆ. ಎಂಆರ್‌ಐ ವರದಿ ಹಾಕಿದಾಗ ಸೈನಸ್ ಅಂತ ಬಂತು. ಈಗ ಆ ಚಾಟ್ ತುಂಬಾ ಉದ್ದವಾಗಿದೆ, ಮೊದಲು ಹೇಳಿದ್ದನ್ನೇ ಮರೆತ ಹಾಗೆ ಉತ್ತರ ಬರುತ್ತದೆ. ಹೊಸ ಚಾಟ್‌ನಲ್ಲಿ ಕೇಳಿದರೆ ಮೈಗ್ರೇನ್, ಇನ್ನೊಂದರಲ್ಲಿ ಕುತ್ತಿಗೆ ಸವೆತ. ಪ್ರತಿ ಸಲ ಮೊದಲಿಂದ ಟೈಪ್ ಮಾಡಿ ಸಾಕಾಗಿದೆ. ಡೈರಿ ಇಟ್ಟುಕೊಂಡು ಅದನ್ನೇ ಹೊಸ ಚಾಟ್‌ಗೆ ಹಾಕೋಣ ಅಂತಿದ್ದೇನೆ. ಏನೇನು ಬರೆಯಬೇಕು? ಹಳೇ ಚಾಟ್ ಪೂರ್ತಿ ಕಾಪಿ ಮಾಡಿದರೆ ಸಾಲದೇ?"
— ಹೆಸರು ಬೇಡ, ದಾವಣಗೆರೆ

ಉತ್ತರ:

ಪೂರ್ತಿ ಕಾಪಿ ಬೇಡ ಮೇಡಂ. ಉದ್ದವಾಗುತ್ತದೆ ಅನ್ನೋದು ಅದಕ್ಕೆ ಸಣ್ಣ ಕಾರಣ. ಹಳೇ ಚಾಟ್‌ನಲ್ಲಿ ನೀವು ಅನುಭವಿಸಿದ್ದು, ಡಾಕ್ಟರ್ ಹೇಳಿದ್ದು, ವರದಿಯಲ್ಲಿ ಇದ್ದದ್ದು, ಚಾಟ್ ಊಹಿಸಿದ್ದು ಎಲ್ಲ ಕಲಸಿ ಹೋಗಿರುತ್ತವೆ. ಅದನ್ನು ಹಾಗೇ ಹೊಸ ಚಾಟ್‌ಗೆ ಸುರಿದರೆ, ಹಳೆಯ ಊಹೆಯೇ ಹೊಸದರಲ್ಲಿ ರೋಗಿಯ ಇತಿಹಾಸ ಆಗಿಬಿಡುತ್ತದೆ. ನಿಜವಾದ ತೊಂದರೆ ಅಲ್ಲಿದೆ.

ಮೊದಲು ಮರೆವಿನ ವಿಷಯ ಮುಗಿಸುತ್ತೇನೆ. ಚಾಟ್‌ಗೆ ನೀವು ಪರಿಚಯದವರಲ್ಲ. ಪ್ರತಿ ಉತ್ತರಕ್ಕೂ ಅದು ಆ ಸಂಭಾಷಣೆಯ ಬರಹವನ್ನು ಮುಂದಿಟ್ಟುಕೊಂಡು ಓದುತ್ತದೆ. ಒಂದು ಸಲಕ್ಕೆ ಎಷ್ಟು ಓದಬಹುದು ಅನ್ನೋದಕ್ಕೆ ಮಿತಿ ಇದೆ. ವರ್ಷದ ಸಂಭಾಷಣೆ ಆ ಮಿತಿ ದಾಟಿದರೆ ಹಳೆಯ ಭಾಗ ಬಿಟ್ಟು ಹೋಗಬಹುದು. ದಾಟದಿದ್ದರೂ, ನಡುವೆ ಎಲ್ಲೋ ಹೂತುಹೋದ ಒಂದು ಸಾಲಿಗೆ ಸಿಗಬೇಕಾದ ತೂಕ ಸಿಗದೇ ಹೋಗಬಹುದು. ಹೊಸ ಚಾಟ್ ಅಂದರೆ ಖಾಲಿ ಹಾಳೆ. ಕೆಲವು ಆ್ಯಪ್‌ಗಳಲ್ಲಿ ‘ಮೆಮೊರಿ’ ಅನ್ನೋ ಸೌಲಭ್ಯ ಇದ್ದು, ನಿಮ್ಮ ಬಗ್ಗೆ ತುಣುಕು ತುಣುಕಾಗಿ ಏನೋ ಉಳಿಸಿಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ತೆರೆದು ನೋಡಿ. ಅಲ್ಲಿ ‘ಸೈನಸ್ ತೊಂದರೆ ಇದೆ’ ಅಂತ ಕೂತಿದ್ದರೆ, ಹೊಸ ಚಾಟ್ ಕೂಡ ಪೂರ್ತಿ ಹೊಸದಾಗಿರುವುದಿಲ್ಲ. ಅಂಥ ಸಾಲನ್ನು ಅಳಿಸಿಬಿಡಿ.

ಈಗ ಆ ಸೈನಸ್ ಎಲ್ಲಿಂದ ಬಂತು ನೋಡೋಣ. ನಿಮ್ಮ ವರದಿ ನನ್ನ ಮುಂದೆ ಇಲ್ಲ. ಆದರೆ ತಲೆನೋವಿಗೆ ಮಾಡಿಸಿದ ಎಂಆರ್‌ಐಗಳಲ್ಲಿ ‘ಮ್ಯಾಕ್ಸಿಲರಿ ಸೈನಸ್‌ನಲ್ಲಿ ಮೈಲ್ಡ್ ಮ್ಯೂಕೋಸಲ್ ಥಿಕನಿಂಗ್’ ಅನ್ನೋ ಸಾಲನ್ನು ನಾವು ಡಾಕ್ಟರ್‌ಗಳು ಪದೇ ಪದೇ ನೋಡುತ್ತೇವೆ. ಕೆನ್ನೆಯ ಹಿಂದಿನ ಸೈನಸ್‌ನ ಒಳಪದರ ಸ್ವಲ್ಪ ದಪ್ಪಗಿದೆ ಅಂತ ಅಷ್ಟೇ. ಯಾವ ತಲೆನೋವೂ ಇಲ್ಲದವರಲ್ಲಿಯೂ ಇದು ಸಾಕಷ್ಟು ಕಾಣುತ್ತದೆ. ಸೈನಸ್ ಸೋಂಕಿನಿಂದಲೇ ತಲೆನೋವು ಅನ್ನಬೇಕಾದರೆ ಗಟ್ಟಿ ಹಳದಿ ಅಥವಾ ಹಸಿರು ಸಿಂಬಳ, ಮೂಗು ಕಟ್ಟುವುದು, ವಾಸನೆ ಗೊತ್ತಾಗದಿರುವುದು, ಕೆಲವೊಮ್ಮೆ ಜ್ವರ, ಇವುಗಳ ಜೊತೆ ನೋವು ಬಂದು ಅವುಗಳ ಜೊತೆಗೇ ಹೋಗಬೇಕು. ಆರು ವರ್ಷ ಬಿಟ್ಟು ಬಿಟ್ಟು ಬರುವ ನೋವು ಆ ಜಾತಿಗೆ ಅಷ್ಟಾಗಿ ಸೇರುವುದಿಲ್ಲ. ‘ನನಗೆ ಸೈನಸ್ ತಲೆನೋವು’ ಅಂತ ತಾವೇ ಹೇಳಿಕೊಂಡು ಬರುವವರನ್ನು ಸರಿಯಾಗಿ ವಿಚಾರಿಸಿದರೆ, ಬಹುಪಾಲು ಜನರದ್ದು ಮೈಗ್ರೇನ್ ಆಗಿರುತ್ತದೆ. ಮೈಗ್ರೇನ್‌ನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅದರಿಂದ ಮೋಸ ಹೋಗುವುದು ಸುಲಭ. ನಿಮ್ಮದು ಮೈಗ್ರೇನ್ ಅಂತ ನಾನು ಇಲ್ಲಿ ಕೂತು ಹೇಳುತ್ತಿಲ್ಲ. ಒಂದು ಸಲ ‘ಸೈನಸ್’ ಅಂತ ಬರೆದು ಒಯ್ದರೆ, ಮುಂದಿನ ಪ್ರಶ್ನೆಗಳೆಲ್ಲ ಆವಿ ತೆಗೆದುಕೊಳ್ಳುವುದರ ಸುತ್ತಲೇ ಗಿರಕಿ ಹೊಡೆಯುತ್ತವೆ, ಅಷ್ಟನ್ನೇ ಹೇಳುತ್ತಿದ್ದೇನೆ. ಇದು ಯಂತ್ರದ ದೋಷ ಮಾತ್ರ ಅಲ್ಲ. ಒಬ್ಬ ಡಾಕ್ಟರ್ ಚೀಟಿಯಲ್ಲಿ ಬರೆದ ಹೆಸರನ್ನು ಮುಂದಿನ ಡಾಕ್ಟರ್ ಪರೀಕ್ಷಿಸದೆ ನಕಲು ಮಾಡುವುದು ನಮ್ಮಲ್ಲೂ ಇದೆ.

ಕುತ್ತಿಗೆಯದ್ದೂ ಇದೇ ಕಥೆ. ಮೈಗ್ರೇನ್ ಇರುವ ಎಷ್ಟೋ ಜನರಿಗೆ ತಲೆನೋವು ಶುರುವಾಗುವ ಕೆಲವು ಗಂಟೆ ಮೊದಲು, ಒಮ್ಮೊಮ್ಮೆ ಹಿಂದಿನ ದಿನವೇ, ಕುತ್ತಿಗೆ ಬಿಗಿಯುತ್ತದೆ, ಆಕಳಿಕೆ ಬರುತ್ತದೆ, ಸಿಹಿ ತಿನ್ನಬೇಕು ಅನ್ನಿಸುತ್ತದೆ. ಆಮೇಲೆ ‘ಕುತ್ತಿಗೆಯಿಂದ ತಲೆನೋವು ಬಂತು’, ‘ಚಾಕೊಲೇಟ್ ತಿಂದೆ, ಅದಕ್ಕೇ ಬಂತು’ ಅನ್ನುತ್ತೇವೆ. ನಿಜಕ್ಕೂ ಅವು ಶುರುವಾಗಿಬಿಟ್ಟ ಮೈಗ್ರೇನ್‌ನ ಮೊದಲ ಹಂತ ಆಗಿರಬಹುದು. ಯಾವುದು ಮೊದಲು ಬಂತು, ಯಾವುದು ಆಮೇಲೆ ಅನ್ನೋದನ್ನು ನೆನಪಿನಿಂದ ಹೇಳಲು ಆಗುವುದಿಲ್ಲ. ಅವತ್ತೇ ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ಡೈರಿಗೆ ನಾನು ಹೇಳುವ ನಿಯಮ ಒಂದೇ: ಕಂಡದ್ದನ್ನು ಬರೆಯಿರಿ, ಕಾರಣ ಬರೆಯಬೇಡಿ. ‘ಬಿಸಿಲಿಗೆ ಹೋಗಿದ್ದಕ್ಕೆ ತಲೆನೋವು’ ಬೇಡ. ‘ಮಧ್ಯಾಹ್ನ 1ಕ್ಕೆ ಬಿಸಿಲಲ್ಲಿ ನಡೆದೆ. 4ಕ್ಕೆ ನೋವು ಶುರು’ ಸಾಕು. ಕಾರಣ ಅಲ್ಲಿ ಇದ್ದರೆ ಎರಡು ತಿಂಗಳ ಪುಟಗಳಲ್ಲಿ ತಾನಾಗಿ ಕಾಣುತ್ತದೆ.

ದೊಡ್ಡ ಪುಸ್ತಕ ಬೇಡ. ಗೋಡೆಗೆ ಹಾಕುವ ಕ್ಯಾಲೆಂಡರ್‌ನ ದೊಡ್ಡ ಚೌಕಗಳೇ ಸಾಕು, ಇಲ್ಲದಿದ್ದರೆ ಶಾಲೆಯ ನೋಟ್‌ಬುಕ್. ರಾತ್ರಿ ಮಲಗುವ ಮುಂಚೆ ಒಂದು ನಿಮಿಷ. ದಿನಕ್ಕೆ ಹತ್ತು ಸಲ ‘ಈಗ ನೋವಿದೆಯಾ’ ಅಂತ ತಲೆಯನ್ನೇ ಗಮನಿಸುತ್ತಾ ಕೂರಬೇಡಿ, ಅದರಿಂದ ನೋವೇ ದೊಡ್ಡದಾಗಿ ಕಾಣುತ್ತದೆ. ನೋವಿನ ಜೋರು ಬರೆಯಲು ಮೂರು ಮಟ್ಟ ಸಾಕು. ಕೆಲಸ ಮಾಡಬಹುದಾದರೆ 1. ಕೆಲಸಕ್ಕೆ ಕಷ್ಟವಾದರೆ 2. ಮಲಗಲೇಬೇಕಾದರೆ 3. ಹೇಗಿರಬಹುದು ಅಂತ ಒಂದು ಮಾದರಿ ಕಟ್ಟಿ ತೋರಿಸುತ್ತೇನೆ:

ಜುಲೈ 8: ಸಂಜೆ ಕುತ್ತಿಗೆ ಬಿಗಿ, ತುಂಬಾ ಆಕಳಿಕೆ. ತಲೆನೋವು ಇಲ್ಲ. ಮಾತ್ರೆ ಇಲ್ಲ.

ಜುಲೈ 9: ಬೆಳಿಗ್ಗೆ 10ಕ್ಕೆ ಶುರು. ಬಲಗಡೆ, ಡವಡವ ಮಿಡಿತ. ಮಟ್ಟ 3. ವಾಕರಿಕೆ, ಬೆಳಕು ಆಗಲ್ಲ, ಮೆಟ್ಟಿಲು ಹತ್ತಿದರೆ ಜಾಸ್ತಿ. 11:30ಕ್ಕೆ ಪ್ಯಾರಸಿಟಮಾಲ್+ಕೆಫೀನ್ ಮಾತ್ರೆ 1. 1:30ಕ್ಕೆ ಮಟ್ಟ 2. ರಾತ್ರಿ ನಿದ್ದೆ ಮಾಡಿದ ಮೇಲೆ ಹೋಯಿತು.

ಜುಲೈ 10: ತಲೆ ಭಾರ, ಮಟ್ಟ 1. ಜಾಸ್ತಿ ಆಗದಿರಲಿ ಅಂತ ಅದೇ ಮಾತ್ರೆ 1. ಮುಟ್ಟಿನ ಮೊದಲ ದಿನ.

ಜುಲೈ 11: ಏನೂ ಇಲ್ಲ.

ನಾಲ್ಕನೇ ಸಾಲನ್ನು ಜನ ಬರೆಯುವುದೇ ಇಲ್ಲ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ‘ತಿಂಗಳಿಗೆ ಎಷ್ಟು ಸಲ ತಲೆನೋವು?’ ಅಂತ ಕೇಳಿದರೆ ಎಲ್ಲರೂ ಜೋರಾದ ದಿನಗಳನ್ನು ಮಾತ್ರ ಲೆಕ್ಕ ಹಾಕುತ್ತಾರೆ. ‘ತಲೆ ಪೂರ್ತಿ ಹಗುರವಾಗಿ, ಏನೂ ಇಲ್ಲದೆ ಇದ್ದ ದಿನ ಎಷ್ಟು?’ ಅಂತ ಕೇಳಿದಾಗ ಮುಖ ನೋಡುತ್ತಾರೆ. ನಾಲ್ಕೈದು ಸಲ ಅಂದವರಲ್ಲಿ ಎಷ್ಟೋ ಜನರಿಗೆ ಅರ್ಧ ತಿಂಗಳು ಏನೋ ಒಂದು ಭಾರ ಇದ್ದೇ ಇರುತ್ತದೆ. ಭಾರ, ಬಿಗಿ, ‘ಸುಮ್ನೆ ಸ್ವಲ್ಪ’ ಇವೆಲ್ಲ ಲೆಕ್ಕಕ್ಕೆ ಸೇರಬೇಕು.

ಇನ್ನೊಂದು, ಮಾತ್ರೆ. ಬ್ರ್ಯಾಂಡ್ ಹೆಸರು ಸಾಲದು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಗಳ ಹೆಸರು, ಮಿಲಿಗ್ರಾಂ ಇರುತ್ತದೆ. ಒಂದು ಸಲ ಅದನ್ನು ನೋಡಿ ಬರೆದುಕೊಳ್ಳಿ. ‘ಸಾಮಾನ್ಯ ತಲೆನೋವಿನ ಮಾತ್ರೆ’ ಅಂತ ಅಂಗಡಿಯಲ್ಲಿ ಕೊಟ್ಟದ್ದರಲ್ಲಿ ಎರಡು ಮೂರು ಔಷಧಿ ಸೇರಿರುವುದು ಅಪರೂಪವೇನಲ್ಲ. ಅದು ಯಾಕೆ ಮುಖ್ಯ ಅಂತ ಈಗ ನೋಡಿ.

ಮಾದರಿ ತಿಂಗಳನ್ನೇ ಪೂರ್ತಿ ಮಾಡೋಣ. ಜುಲೈನ 31 ದಿನಗಳಲ್ಲಿ ತಲೆನೋವಿನ ದಿನ 17, ಏನೂ ಇಲ್ಲದ ದಿನ 14. ಹದಿನೇಳರಲ್ಲಿ ಮಟ್ಟ 3 ಮುಟ್ಟಿದ್ದು 5 ದಿನ ಮಾತ್ರ. ‘ತಿಂಗಳಿಗೆ ನಾಲ್ಕೈದು ಸಲ’ ಅನ್ನೋದು ಆ ಐದೇ. ಮಾತ್ರೆ ನುಂಗಿದ ದಿನ 13, ಅದರಲ್ಲಿ 11 ದಿನ ಪ್ಯಾರಸಿಟಮಾಲ್+ಕೆಫೀನ್, 2 ದಿನ ನ್ಯಾಪ್ರೊಕ್ಸೆನ್. ಈ ಲೆಕ್ಕ ನೋಡಿದ ಕೂಡಲೇ ನನ್ನಂಥವನಿಗೆ ಸೈನಸ್ಸೂ ಕುತ್ತಿಗೆಯೂ ಹಿಂದೆ ಸರಿದು ಬೇರೊಂದು ಪ್ರಶ್ನೆ ಮುಂದೆ ಬರುತ್ತದೆ. ನೋವಿನ ಮಾತ್ರೆಯೇ ನೋವನ್ನು ಹೆಚ್ಚಿಸುತ್ತಿದೆಯಾ?

ಇದು ವಿಚಿತ್ರ ಅನ್ನಿಸಬಹುದು, ಆದರೆ ಚೆನ್ನಾಗಿ ಗೊತ್ತಿರುವ ವಿಷಯ. ಮೈಗ್ರೇನ್ ಇರುವವರು ನೋವಿನ ಮಾತ್ರೆಯನ್ನು ಪದೇ ಪದೇ ನುಂಗಿದರೆ, ತಿಂಗಳಿಗೆ ಐದಾರು ದಿನ ಇದ್ದ ನೋವು ನಿಧಾನಕ್ಕೆ ಹದಿನೈದು ದಿನಕ್ಕೆ ಏರಬಹುದು. ಬರೀ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಥರದ್ದಾದರೆ ತಿಂಗಳಿಗೆ 15 ದಿನ ಅಥವಾ ಜಾಸ್ತಿ ನುಂಗಿದರೆ ಹೀಗಾಗಬಹುದು. ಕೆಫೀನ್ ಸೇರಿದ ಮಿಶ್ರಣ, ಮೈಗ್ರೇನ್‌ಗೆಂದೇ ಕೊಡುವ ಸುಮಾಟ್ರಿಪ್ಟಾನ್ ಥರದ ಟ್ರಿಪ್ಟಾನ್, ಟ್ರಮಡಾಲ್ ಥರದ ಮಾತ್ರೆಯಾದರೆ 10 ದಿನವೇ ಸಾಕು. ಹೀಗೆ ಮೂರು ತಿಂಗಳಿಗಿಂತ ಜಾಸ್ತಿ ನಡೆದು, ತಲೆನೋವೂ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಅನುಮಾನ ಬರುತ್ತದೆ. ಗಮನಿಸಿ, ಲೆಕ್ಕ ಇರುವುದು ದಿನಗಳಿಗೆ, ಮಾತ್ರೆಗಳಿಗಲ್ಲ. ಒಂದೇ ದಿನ ಮೂರು ನುಂಗಿದರೂ ಅದು ಒಂದು ದಿನ. ವಾರಕ್ಕೆ ಮೂರು ದಿನ ಒಂದೊಂದೇ ನುಂಗಿದರೆ ತಿಂಗಳಿಗೆ ಹನ್ನೆರಡು ದಿನ ಆಗಿಬಿಡುತ್ತದೆ. ಜುಲೈ 10ರ ಆ ಮುನ್ನೆಚ್ಚರಿಕೆಯ ಮಾತ್ರೆ ಇಂಥ ಕಡೆ ಸದ್ದಿಲ್ಲದೆ ಲೆಕ್ಕ ಏರಿಸುತ್ತದೆ.

ಹಾಗಂತ ನಾಳೆಯಿಂದಲೇ ನೀವಾಗಿ ಎಲ್ಲ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಕೆಲವು ದಿನ ನೋವು ಜಾಸ್ತಿಯೇ ಆಗುತ್ತದೆ. ವಾಕರಿಕೆ, ನಿದ್ದೆ ಇಲ್ಲದಿರುವುದು ಜೊತೆಗೆ ಬರಬಹುದು. ಆ ದಿನಗಳಿಗೆ ತಯಾರಿ ಬೇಕು. ಟ್ರಮಡಾಲ್ ಥರದ್ದು ಅಥವಾ ನಿದ್ದೆ ಮಾತ್ರೆ ಸೇರಿದ್ದರೆ ನಿಧಾನವಾಗಿ ಇಳಿಸಬೇಕಾಗುತ್ತದೆ. ನೋವು ಬರದಂತೆ ತಡೆಯುವ ದಿನನಿತ್ಯದ ಔಷಧಿ ಬೇಕಾ, ಯಾವುದು ಅನ್ನೋದನ್ನೂ ಆಗಲೇ ನೋಡುತ್ತೇವೆ. ಇಂಥ ಔಷಧಿಗಳಲ್ಲಿ ಪ್ರೊಪ್ರಾನೊಲಾಲ್ ಆಸ್ತಮಾ ಇರುವವರಿಗೆ ಆಗಲ್ಲ. ಟೊಪಿರಮೇಟ್ ಗರ್ಭಿಣಿಯರಿಗೆ, ಗರ್ಭಿಣಿ ಆಗುವ ಸಾಧ್ಯತೆ ಇರುವವರಿಗೆ ಅಪಾಯ. ಇಂಥದ್ದನ್ನು ಎದುರಿಗೆ ಕೂತ ಡಾಕ್ಟರ್ ಜೊತೆ ತೀರ್ಮಾನ ಮಾಡಬೇಕು. ಯಾವ ಚಾಟ್‌ನಲ್ಲೂ ಅಲ್ಲ.

ಈಗ ಹೊಸ ಚಾಟ್‌ಗೆ ಒಯ್ಯುವ ಪುಟಕ್ಕೆ ಬರೋಣ. ದಿನದಿನದ ಸಾಲುಗಳನ್ನೆಲ್ಲ ಹಾಕಬೇಡಿ. ತಿಂಗಳ ಕೊನೆಗೆ ನೀವೇ ಕೂತು ಒಂದು ಪುಟಕ್ಕೆ ಇಳಿಸಿ. ಹಳೇ ಚಾಟ್‌ಗೆ ‘ಸಾರಾಂಶ ಮಾಡಿಕೊಡು’ ಅಂದರೆ ಸುಲಭ, ನಿಜ. ಆದರೆ ಆ ಸಾರಾಂಶ ಹೊರಗಿನಿಂದ ಚಂದ ಕಾಣುತ್ತದೆ, ಒಳಗೆ ಊಹೆ ಬೆರೆತಿರಬಹುದು. ‘ಸೈನಸ್ ಇರಬಹುದು’ ಅನ್ನೋದು ‘ಸೈನಸ್ ಇದೆ’ ಆಗಿರಬಹುದು, ಏನೂ ಇಲ್ಲದ ದಿನಗಳು ಬಿದ್ದೇ ಹೋಗಿರಬಹುದು. ಮಾಡಿಸಿಕೊಂಡರೂ ಡೈರಿ ಪಕ್ಕಕ್ಕಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಅದಕ್ಕಿಂತ ನೀವೇ ಬರೆಯುವುದು ಬೇಗ ಆಗುತ್ತದೆ.

ಪುಟದ ಮೇಲೆ ವಯಸ್ಸು, ಹೆಣ್ಣು, ಎಷ್ಟು ವರ್ಷದಿಂದ ನೋವು. ಕೆಳಗೆ ಆ ತಿಂಗಳ ಲೆಕ್ಕ. ಆಮೇಲೆ ಜೋರಾದ ಒಂದು ದಿನದ ವಿವರ, ಜುಲೈ 9ರ ಥರದ್ದು. ಆಮೇಲೆ ಬೇರೆ ಕಾಯಿಲೆ, ದಿನಾ ತೆಗೆದುಕೊಳ್ಳುವ ಔಷಧಿ, ಅಲರ್ಜಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯಬೇಡಿ. ನೋವಿಗೆ ಮೊದಲು ಕಣ್ಣ ಮುಂದೆ ಹೊಳೆಯುವ ಅಂಕುಡೊಂಕು ಗೆರೆ ಬಂದು ಐದು ನಿಮಿಷದಿಂದ ಒಂದು ಗಂಟೆ ಇರುವವರಿಗೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಪಾರ್ಶ್ವವಾಯು ಅಪಾಯವನ್ನು ಹೆಚ್ಚಿಸುತ್ತದೆ. ಆ ಗೆರೆಗಳ ಬಗ್ಗೆ ‘ಇದೆ’ ಅಥವಾ ‘ಇಲ್ಲ’ ಅಂತ ಸ್ಪಷ್ಟವಾಗಿ ಬರೆಯಿರಿ.

ಎಂಆರ್‌ಐ ವರದಿಯಿಂದ ಕೊನೆಯ ‘ಇಂಪ್ರೆಷನ್’ ಭಾಗವನ್ನು ಇದ್ದ ಹಾಗೇ, ಒಂದಕ್ಷರ ಬದಲಿಸದೆ ಹಾಕಿ. ತಿಂಗಳು, ವರ್ಷ ಇರಲಿ. ನಿಮ್ಮ ಮಾತಲ್ಲಿ ಹೇಳಲು ಹೋಗಬೇಡಿ. ಡಾಕ್ಟರ್ ಹೇಳಿದ ಮಾತಿದ್ದರೆ ಅದರ ಮುಂದೆ ‘ಡಾಕ್ಟರ್’ ಅಂತ, ವರದಿಯದ್ದಾದರೆ ‘ವರದಿ’ ಅಂತ, ನೀವು ಕಂಡದ್ದಾದರೆ ‘ನಾನು’ ಅಂತ ಗುರುತು ಹಾಕಿ. ‘ಚಾಟ್’ ಅನ್ನೋ ಗುರುತಿನ ಯಾವ ಸಾಲೂ ಈ ಪುಟಕ್ಕೆ ಬರಬಾರದು. ಅವನ್ನು ಬರೆದಿಡಬೇಕು ಅನ್ನಿಸಿದರೆ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಇರಲಿ. ಹೀಗೆ ಮಾಡಿದರೆ ಪ್ರತಿ ಹೊಸ ಚಾಟ್ ನಿಮ್ಮ ದಿನಗಳನ್ನು ಮೊದಲ ಸಲ ನೋಡಿದ ಹಾಗೆ ನೋಡುತ್ತದೆ. ಮೂರು ಕಡೆ ಮೂರು ಉತ್ತರ ಬಂದದ್ದು ನಿಮಗೆ ಕಿರಿಕಿರಿ ಅಲ್ವಾ? ಬಹುಶಃ ಮೂರೂ ಸಲ ನೀವು ಹೇಳಿದ ವಿವರ ಬೇರೆ ಬೇರೆಯಾಗಿತ್ತು. ಒಂದರಲ್ಲಿ ಎಂಆರ್‌ಐ, ಒಂದರಲ್ಲಿ ವಾಕರಿಕೆ, ಒಂದರಲ್ಲಿ ಕುತ್ತಿಗೆ. ಪುಟ ಒಂದೇ ಆದರೆ ಉತ್ತರದ ವ್ಯತ್ಯಾಸ ಕಡಿಮೆ ಆಗುತ್ತದೆ. ಪೂರ್ತಿ ಹೋಗುವುದಿಲ್ಲ, ಮತ್ತು ಎಲ್ಲ ಉತ್ತರ ಒಂದೇ ಥರ ಬಂದ ಮಾತ್ರಕ್ಕೆ ಅದು ಸರಿ ಅಂತಲೂ ಆಗುವುದಿಲ್ಲ.

ಹೆಸರು, ಫೋನ್ ನಂಬರ್, ಆಧಾರ್, ಆಸ್ಪತ್ರೆಯ ನೋಂದಣಿ ಸಂಖ್ಯೆ, ಶಾಲೆಯ ಹೆಸರು ಬೇಡ. ವರದಿಯ ಫೋಟೊ ಹಾಕಿದರೆ ತಲೆಬರಹದಲ್ಲಿ ಇವೆಲ್ಲ ಹೋಗಿಬಿಡುತ್ತವೆ. ಬೇಕಾದ ಸಾಲುಗಳನ್ನು ಟೈಪ್ ಮಾಡುವುದೇ ಒಳ್ಳೆಯದು.

ಪ್ರಶ್ನೆಗಳಿಗೆ ನೋಟ್‌ಬುಕ್‌ನಲ್ಲಿ ಬೇರೆ ಹಾಳೆ ಇಡಿ, ಎರಡು ಭಾಗ ಮಾಡಿ. ಒಂದು ಕಡೆ ಚಾಟ್‌ನಲ್ಲಿ ಕೇಳಬಹುದಾದದ್ದು: ವರದಿಯ ಈ ಪದಕ್ಕೆ ಅರ್ಥ ಏನು, ಈ ಔಷಧಿ ಹೇಗೆ ಕೆಲಸ ಮಾಡುತ್ತದೆ, ನನ್ನ ಪುಟದಲ್ಲಿ ಏನು ಬಿಟ್ಟು ಹೋಗಿದೆ, ಡಾಕ್ಟರ್ ಹತ್ತಿರ ಏನು ಕೇಳಬೇಕು. ಇನ್ನೊಂದು ಕಡೆ ಡಾಕ್ಟರ್‌ಗೆ ಮಾತ್ರ: ಇದು ಯಾವ ತಲೆನೋವು, ಮಾತ್ರೆ ಜಾಸ್ತಿ ಆಗಿದೆಯಾ, ನಿಲ್ಲಿಸುವುದು ಹೇಗೆ, ತಡೆಯುವ ಔಷಧಿ ಎಷ್ಟು ತಿಂಗಳು. ಉತ್ತರ ಸಿಕ್ಕಿದ ಮೇಲೆ ತಾರೀಖು ಹಾಕಿ ಮುಚ್ಚಿ. ಉದಾಹರಣೆಗೆ, ‘ಮೆದುಳಲ್ಲಿ ಗಡ್ಡೆ ಇದೆಯಾ?’ ಅನ್ನೋ ಪ್ರಶ್ನೆಗೆ ಎಂಆರ್‌ಐ ನೋಡಿದ ಡಾಕ್ಟರ್ ಇಲ್ಲ ಅಂದಿದ್ದರೆ, ಅದು ಮುಚ್ಚಿದ ಪ್ರಶ್ನೆ. ಅದನ್ನು ಪ್ರತಿ ಹೊಸ ಚಾಟ್‌ನಲ್ಲಿ ಮತ್ತೆ ತೆರೆದರೆ ರಾತ್ರಿ ನಿದ್ದೆ ಹೋಗುವುದು ಬಿಟ್ಟರೆ ಬೇರೇನೂ ಸಿಗಲ್ಲ. ನೋವಿನ ರೀತಿಯೇ ಬದಲಾದರೆ ಮಾತ್ರ ಮತ್ತೆ ತೆರೆಯಿರಿ, ಅದೂ ಡಾಕ್ಟರ್ ಹತ್ತಿರ.

ಕೆಲವು ತಲೆನೋವನ್ನು ಡೈರಿಗೆ ಬರೆಯುತ್ತಾ ಕೂರಬಾರದು. ಸಿಡಿಲು ಹೊಡೆದ ಹಾಗೆ ಒಂದು ನಿಮಿಷದೊಳಗೆ ತುತ್ತತುದಿಗೆ ಏರುವ ನೋವು. ಬಾಯಿ ಸೊಟ್ಟಗಾಗುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು. ಜ್ವರದ ಜೊತೆ ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿ. ಫಿಟ್ಸ್. ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾಗುವುದು. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಇಂಥ ಹೊತ್ತಲ್ಲಿ ಫೋನಿನಲ್ಲಿ ಮಾಡಬೇಕಾದ ಕೆಲಸ ಒಂದೇ, 108ಕ್ಕೆ ಕರೆ. ಗರ್ಭಿಣಿಯರಿಗೆ ಅಥವಾ ಹೆರಿಗೆಯಾದ ಕೆಲವು ವಾರಗಳೊಳಗೆ ಹೊಸದಾಗಿ ಜೋರು ತಲೆನೋವು ಬಂದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಬೇಕು.

ನಿಮಗೆ ಅಂಥದ್ದೇನೂ ಇಲ್ಲದಿದ್ದರೆ ಎಂಟು ವಾರ ಬರೆಯಿರಿ. ಅಷ್ಟರಲ್ಲಿ ಎರಡು ಮುಟ್ಟಿನ ಸುತ್ತು ಸಿಗುತ್ತದೆ, ಮುಟ್ಟಿಗೂ ನೋವಿಗೂ ಸಂಬಂಧ ಇದ್ದರೆ ಸುಳಿವು ಸಿಗುತ್ತದೆ. ಆದರೆ ಮೊದಲ ತಿಂಗಳಲ್ಲೇ ಮಾತ್ರೆ ದಿನ ಹತ್ತು ಮುಟ್ಟಿದರೆ ಎರಡನೇ ತಿಂಗಳಿಗೆ ಕಾಯಬೇಡಿ, ಹೋಗಿ ತೋರಿಸಿ. ನರರೋಗ ತಜ್ಞರೇ ಆಗಬೇಕು ಅಂತೇನಿಲ್ಲ. ತಲೆನೋವನ್ನು ವಿಚಾರಿಸುವ ತಾಳ್ಮೆ ಇರುವ ಫಿಸಿಶಿಯನ್ ಸಾಕು. ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಶುರು ಮಾಡಿರುವ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳೂ ತಲೆನೋವನ್ನು ನೋಡುತ್ತವೆ, ನಿಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ದಿನ ಅಂತ ವಿಚಾರಿಸಿ.

ಹೋಗುವಾಗ ಆ ಒಂದು ಪುಟ, ಮೂಲ ಕ್ಯಾಲೆಂಡರ್, ಖಾಲಿ ಸ್ಟ್ರಿಪ್‌ಗಳು ಇರಲಿ. ಚಾಟ್ ತೆರೆದ ಫೋನನ್ನು ಡಾಕ್ಟರ್ ಮುಂದೆ ಹಿಡಿಯಬೇಡಿ. ಹತ್ತು ನಿಮಿಷದ ಭೇಟಿಯಲ್ಲಿ ಅದನ್ನು ಓದಿ ಮುಗಿಸಲು ಯಾರಿಗೂ ಆಗಲ್ಲ. ಕ್ಯಾಲೆಂಡರ್ ಆದರೆ ಅರ್ಧ ನಿಮಿಷ ಸಾಕು. ಮೊದಲು ‘ಏನೂ ಇಲ್ಲದ ದಿನ 14, ಮಾತ್ರೆ ದಿನ 13’ ಅನ್ನೋ ಥರ ನಿಮ್ಮ ಲೆಕ್ಕ ಹೇಳಿ ಶುರು ಮಾಡಿ. ಸೈನಸ್ ಬಗ್ಗೆ ಅವರೇ ಕೇಳುವ ತನಕ ಹೇಳಬೇಡಿ.